ಮಾತು ತಡವಾದರೆ ಕಾಯಬೇಡಿ, ಮೊದಲು ಕಿವಿ ತೋರಿಸಿ

ಮಗುವಿಗೆ ವರ್ಷ ತುಂಬಿತು ಅಂದರೆ ನೋಡಲು ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ, "ಇನ್ನೂ ನಡೆಯಲ್ವಾ?" ತಾಯಿಯ ಮುಖ ಬಾಡುತ್ತದೆ. ಅದೇ ಮಗು ಒಂದೂವರೆ ವರ್ಷಕ್ಕೂ ಒಂದು ಮಾತು ಆಡದಿದ್ದರೆ ಮನೆಯವರೇ ಸಮಾಧಾನ ಹೇಳುತ್ತಾರೆ: "ಗಂಡುಮಕ್ಕಳಿಗೆ ಮಾತು ತಡ, ಅವರಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು." ನಡಿಗೆಗೆ ಆತಂಕ, ಮಾತಿಗೆ ನಿಶ್ಚಿಂತೆ. ಮಕ್ಕಳ ಬೆಳವಣಿಗೆಯನ್ನು ಬಲ್ಲವರು ಇದನ್ನು ಹೆಚ್ಚುಕಡಿಮೆ ತಿರುಗುಮುರುಗು ಮಾಡಿ ನೋಡುತ್ತಾರೆ.

ನಡಿಗೆಯ ವಿಷಯದಲ್ಲಿ ಪ್ರಕೃತಿ ಬಹಳ ಉದಾರಿ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕದ ಆರೋಗ್ಯವಂತ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ನಮ್ಮ ದೆಹಲಿಯ ಮಕ್ಕಳೂ ಅದರಲ್ಲಿದ್ದರು. ಯಾರ ಆಸರೆಯೂ ಇಲ್ಲದೆ ನಡೆಯುವುದು ಸರಾಸರಿ 12 ತಿಂಗಳಿಗೆ. ಆದರೆ ತೀರಾ ಬೇಗ ನಡೆದವರು 8 ತಿಂಗಳಿಗೇ ನಡೆದರು, ತೀರಾ ತಡವಾದವರು ಹದಿನೇಳೂವರೆ ತಿಂಗಳಿಗೆ. ಇಬ್ಬರೂ ಆರೋಗ್ಯವಂತರೇ. ನೂರರಲ್ಲಿ ನಾಲ್ಕು ಮಕ್ಕಳು ಮಂಡಿಯೂರಿ ಅಂಬೆಗಾಲಿಡಲೇ ಇಲ್ಲ. ಕೂತಲ್ಲಿಂದ ತೆವಳಿಯೋ ನೇರವಾಗಿ ಎದ್ದು ನಿಂತೋ ನಡಿಗೆಗೆ ಬಂದವು. ಹಾಗಾಗಿ ಎದುರು ಮನೆ ಮಗು ಹತ್ತು ತಿಂಗಳಿಗೆ ಓಡಾಡಿತೆಂದು ನಿದ್ದೆಗೆಡಬೇಕಾಗಿಲ್ಲ.

ಆದರೆ ಈ ಉದಾರತೆಗೂ ಒಂದು ಗಡುವಿದೆ: 18 ತಿಂಗಳು. ಅಷ್ಟರಲ್ಲಿ ತಾನಾಗಿ ನಡೆಯದ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ಮಗು ಎರಡು ತಿಂಗಳು ಮೊದಲೇ ಹುಟ್ಟಿದ್ದರೆ ಆ ಎರಡು ತಿಂಗಳನ್ನು ವಯಸ್ಸಿನಿಂದ ಕಳೆದು ಲೆಕ್ಕ ಹಾಕಬೇಕು; ಎರಡು ವರ್ಷ ತುಂಬುವವರೆಗೂ ಇದೇ ಲೆಕ್ಕ. ಕೆಲವು ಲಕ್ಷಣಗಳು ಕಂಡರೆ ಮಾತ್ರ ಹದಿನೆಂಟಕ್ಕೂ ಕಾಯಬಾರದು. ಒಂಬತ್ತು ತಿಂಗಳು ಕಳೆದರೂ ಆಸರೆಯಿಲ್ಲದೆ ಕೂರದಿರುವುದು, ವರ್ಷ ತುಂಬಿದರೂ ಏನನ್ನಾದರೂ ಹಿಡಿದು ನಿಲ್ಲದಿರುವುದು, ಒಂದು ಕಾಲನ್ನು ಎಳೆದು ಹಾಕುವುದು ಇಂಥವು. ವರ್ಷದೊಳಗಿನ ಮಗು ಯಾವಾಗಲೂ ಒಂದೇ ಕೈ ಚಾಚಿದರೆ "ಎಡಚ ಆಗ್ತಾನೆ" ಎಂದು ನಗುತ್ತೇವೆ. ಆ ವಯಸ್ಸಿಗೆ ಮಕ್ಕಳು ಎರಡೂ ಕೈಯನ್ನು ಸಮನಾಗಿ ಬಳಸಬೇಕು. ಒಂದನ್ನೇ ಬಳಸಿದರೆ ಇನ್ನೊಂದು ಕೈಯಲ್ಲಿ ಬಲ ಕಡಿಮೆ ಇರಬಹುದು.

ಗಂಡುಮಗು 18 ತಿಂಗಳಿಗೂ ನಡೆಯದಿದ್ದರೆ ಸಿಪಿಕೆ ಎಂಬ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಡುಶೆನ್ ಎಂಬ ಸ್ನಾಯು ಕ್ಷಯದ ಕಾಯಿಲೆಯಲ್ಲಿ ಈ ಅಂಶ ಹತ್ತಾರು ಪಟ್ಟು ಏರಿರುತ್ತದೆ. ಮುಂದೆ ಮೂರು-ನಾಲ್ಕು ವರ್ಷಕ್ಕೆ ಆ ಹುಡುಗ ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ ತನ್ನನ್ನೇ ಮೇಲೆತ್ತಿಕೊಳ್ಳುತ್ತಾನೆ, ಮೀನಖಂಡ ದಪ್ಪಗೆ ಕಾಣುತ್ತದೆ. ಮನೆಯವರು "ಕಾಲು ಗಟ್ಟಿ" ಅಂದುಕೊಳ್ಳುತ್ತಾರೆ. ರೋಗ ಬೇಗ ತಿಳಿದರೆ ಚಿಕಿತ್ಸೆಯ ಜೊತೆಗೆ, ತಾಯಿಯ ಮುಂದಿನ ಬಸಿರಿಗೆ ಮೊದಲೇ ಅನುವಂಶಿಕ ಸಲಹೆ ಪಡೆಯಲು ಅವಕಾಶ ಸಿಗುತ್ತದೆ. ಹಾಗೆಯೇ, ಗಾಲಿಯ ವಾಕರ್ ತಂದು ಕೂರಿಸಿದರೆ ನಡಿಗೆ ಬೇಗ ಬರುತ್ತದೆ ಎಂಬುದು ಸುಳ್ಳು. ಅದರಲ್ಲಿ ಮೆಟ್ಟಿಲಿಂದ ಉರುಳುವ ಮಕ್ಕಳ ಸಂಖ್ಯೆ ನೋಡಿ ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಶೌಚದ ಅಭ್ಯಾಸದ ಮಾತನ್ನೂ ಇಲ್ಲೇ ಮುಗಿಸಿಬಿಡೋಣ, ಏಕೆಂದರೆ ಮೂರರಲ್ಲಿ ಅತಿ ಕಡಿಮೆ ಚಿಂತಿಸಬೇಕಾದದ್ದು ಇದು. ಅಜ್ಜಿಯರು ಕೆಲವೇ ತಿಂಗಳ ಕೂಸನ್ನು ಚಾಚಿದ ಕಾಲುಗಳ ಮೇಲೆ ಕೂರಿಸಿ "ಸ್ ಸ್" ಎಂದು ಉಚ್ಚೆ ಹೊಯ್ಯಿಸುತ್ತಾರೆ. ಅದರಿಂದ ಕೆಡುಕೇನಿಲ್ಲ, ಆದರೆ ಅಲ್ಲಿ ಹೊತ್ತು ಬಲ್ಲವರು ಅಜ್ಜಿ, ಮಗುವಲ್ಲ. ತಡೆದು ಹಿಡಿದು ಹೇಳುವ ಶಕ್ತಿ ಮಗುವಿಗೆ ಬರತೊಡಗುವುದು ಒಂದೂವರೆ ವರ್ಷದ ನಂತರ. ಹಗಲಿನಲ್ಲಿ ಬಟ್ಟೆ ಒದ್ದೆ ಮಾಡದಿರುವುದು ಹೆಚ್ಚಿನವರಿಗೆ ಎರಡರಿಂದ ಮೂರೂವರೆ ವರ್ಷದೊಳಗೆ ಸಾಧ್ಯವಾಗುತ್ತದೆ. ರಾತ್ರಿಯದು ಇನ್ನೂ ತಡ. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು ಹದಿನೈದು ಮಕ್ಕಳು ಹಾಸಿಗೆ ಒದ್ದೆ ಮಾಡುತ್ತಾರೆ. ಅದಕ್ಕೆ ಬೈಯುವುದು, ಹೊಡೆಯುವುದು, ನೆಂಟರೆದುರು ಆಡಿಕೊಳ್ಳುವುದು ಶುದ್ಧ ಅನ್ಯಾಯ.

ಇಲ್ಲಿ ವಯಸ್ಸಿಗಿಂತ ರೀತಿಯನ್ನು ಗಮನಿಸಬೇಕು. ಗಂಡುಕೂಸಿನ ಮೂತ್ರ ಧಾರೆಯಾಗಿ ಚಿಮ್ಮದೆ ತೊಟ್ಟಿಕ್ಕುತ್ತಿದ್ದರೆ ಅದು ಹುಟ್ಟಿದ ವಾರದಲ್ಲೇ ತೋರಿಸಬೇಕಾದ ಸಂಗತಿ. ಶೌಚಕ್ಕೆ ಹೋಗಿ ಬಂದ ಮೇಲೂ ಹೆಣ್ಣುಮಗುವಿನ ಚಡ್ಡಿ ದಿನವಿಡೀ ಹಸಿಯಾಗಿಯೇ ಇದ್ದರೆ ಮೂತ್ರನಾಳ ಬೇರೆ ಕಡೆ ತೆರೆದುಕೊಂಡಿರಬಹುದು. ತಿಂಗಳುಗಟ್ಟಲೆ ಒಣಗಿದ್ದ ಮಗು ಇದ್ದಕ್ಕಿದ್ದಂತೆ ಒದ್ದೆ ಮಾಡತೊಡಗಿ, ಬಾಯಾರಿಕೆ ಹೆಚ್ಚಾಗಿ, ಸೊರಗುತ್ತಿದ್ದರೆ ಅದೇ ದಿನ ಸಕ್ಕರೆ ಪರೀಕ್ಷೆ ಆಗಬೇಕು. ಉಳಿದವರಲ್ಲಿ ತೊಂದರೆಯ ಮೂಲ ಹೆಚ್ಚಾಗಿ ಮಲಬದ್ಧತೆ.

ಇನ್ನು ಮಾತು. ಇಲ್ಲಿ ಕಾಯುವುದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಮಿದುಳು ಭಾಷೆಯನ್ನು ಹೀರಿಕೊಳ್ಳುವುದು ಮೊದಲ ಎರಡು-ಮೂರು ವರ್ಷಗಳಲ್ಲಿ, ಮತ್ತು ಅದು ಕಿವಿಯ ಮೂಲಕ. ಆರೇಳು ತಿಂಗಳಿಗೆ "ಬಾಬಾಬಾ", "ದಾದಾ" ಎಂಬ ಸರಪಣಿ ಶುರುವಾಗುತ್ತದೆ. ವರ್ಷದ ಆಸುಪಾಸಿನಲ್ಲಿ ಮಗು ಹೆಸರು ಕರೆದರೆ ತಿರುಗುತ್ತದೆ, ಟಾಟಾ ಮಾಡುತ್ತದೆ, ಬೇಕಾದದ್ದನ್ನು ಬೆರಳು ಮಾಡಿ ತೋರಿಸತೊಡಗುತ್ತದೆ, ಮೊದಲ ಪದ ಆಡುತ್ತದೆ. ಪದ ಸ್ಪಷ್ಟವಾಗಿರಬೇಕಿಲ್ಲ, ಊಟಕ್ಕೆ "ಮಮ್ಮು", ನಾಯಿಗೆ "ಬೌಬೌ" ಅಂದರೂ ಅದು ಪದವೇ. ಆದರೆ ಎದುರಿಗೆ ಯಾರಿದ್ದರೂ "ಅಮ್ಮಮ್ಮ" ಎನ್ನುವುದು ಪದವಲ್ಲ, ತಾಯಿಯನ್ನೇ ಕರೆದರೆ ಮಾತ್ರ ಪದ. ಎರಡು ವರ್ಷಕ್ಕೆ "ಹಾಲು ಬೇಕು", "ಅಜ್ಜಿ ಬಾ" ಎಂದು ಎರಡು ಪದ ತಾನಾಗಿ ಜೋಡಿಸಬೇಕು. ಒಂಬತ್ತು-ಹತ್ತು ತಿಂಗಳಿಗೂ ಸರಪಣಿ ಸದ್ದು ಬಾರದಿದ್ದರೆ, 16 ತಿಂಗಳಿಗೆ ಒಂದೂ ಪದವಿಲ್ಲದಿದ್ದರೆ, ಎರಡು ವರ್ಷಕ್ಕೆ ಜೋಡಿ ಪದವಿಲ್ಲದಿದ್ದರೆ ತೋರಿಸಬೇಕು. ಆಡುತ್ತಿದ್ದ ಪದಗಳು ಕಳೆದುಹೋದರಂತೂ ಯಾವ ವಯಸ್ಸಿನಲ್ಲೂ ತಡಮಾಡುವಂತಿಲ್ಲ.

ಇಂಥ ಹಲವು ಮಕ್ಕಳ ಕಥೆ ಸೇರಿಸಿ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ವಯಸ್ಸು 20 ತಿಂಗಳು. 13 ತಿಂಗಳಿಗೇ ನಡೆದವನು, ಚುರುಕು. ಮಾತಿಲ್ಲ, ಬೇಕಾದದ್ದಕ್ಕೆ "ಆ ಆ" ಎಂದು ಬೆರಳು ತೋರಿಸುತ್ತಾನೆ. "ಕಿವಿ ಚೆನ್ನಾಗೇ ಇದೆ ಡಾಕ್ಟ್ರೇ, ಕುಕ್ಕರ್ ಕೂಗಿದ್ರೆ ತಿರುಗ್ತಾನೆ. ಚಪ್ಪಲಿ ತಾ ಅಂದ್ರೆ ತರ್ತಾನೆ" ಎನ್ನುತ್ತಾರೆ ಅಜ್ಜಿ. ವೈದ್ಯರು ಅಜ್ಜಿಯನ್ನು ಮಗುವಿನ ಹಿಂದೆ ಕೂರಿಸಿ, "ಅಜ್ಜೀ, ಕೈ ತೋರಿಸದೆ, ಆ ಕಡೆ ನೋಡದೆ ಕೇಳಿ" ಎನ್ನುತ್ತಾರೆ. ಅಜ್ಜಿ ಮಾಮೂಲಿ ದನಿಯಲ್ಲಿ "ಚಪ್ಪಲಿ ತಾರೋ" ಎನ್ನುತ್ತಾರೆ. ಹುಡುಗ ಆಟದ ಕಾರನ್ನು ಉರುಳಿಸುತ್ತಲೇ ಇರುತ್ತಾನೆ. ಇಷ್ಟು ದಿನ ಅವನು ಹಿಂಬಾಲಿಸಿದ್ದು ಅಜ್ಜಿಯ ಮಾತನ್ನಲ್ಲ, ಕಣ್ಣು ಮತ್ತು ಕೈಯನ್ನು.

ಮನೆಯಲ್ಲಿ ಮಾಡುವ ಪರೀಕ್ಷೆ ದಾರಿ ತಪ್ಪಿಸುವುದು ಹೀಗೆ. ಕುಕ್ಕರ್ ಶಬ್ದ, ಬಾಗಿಲು ಬಡಿತ, ತಟ್ಟೆ ಬಾರಿಸುವ ಸದ್ದು ಮಾತಿಗಿಂತ ಬಹಳ ಜೋರು. ಅರೆಬರೆ ಕೇಳುವ ಮಗುವೂ ಅದಕ್ಕೆ ತಿರುಗುತ್ತದೆ. ಚಪ್ಪಾಳೆ ತಟ್ಟಿದರೆ ನೆರಳು ಕಾಣುತ್ತದೆ, ಗಾಳಿ ತಾಗುತ್ತದೆ. ಅಲ್ಲದೆ ಪೂರಾ ಕಿವುಡು ಮಗುವೂ ಮೊದಲ ತಿಂಗಳುಗಳಲ್ಲಿ ಎಲ್ಲ ಮಕ್ಕಳಂತೆ ದನಿ ಮಾಡುತ್ತದೆ, ಆಮೇಲೆ ಕ್ರಮೇಣ ಮೌನವಾಗುತ್ತದೆ.

ಹುಡುಗನ ಅಪ್ಪ-ಅಮ್ಮ ಸೋದರ ಸಂಬಂಧದಲ್ಲಿ ಮದುವೆಯಾದವರು. ಹತ್ತಿರದ ಸಂಬಂಧದ ಮದುವೆಯಲ್ಲಿ ಹುಟ್ಟುಕಿವುಡಿನ ಸಾಧ್ಯತೆ ಹೆಚ್ಚು, ಮನೆತನದಲ್ಲಿ ಹಿಂದೆ ಯಾರಿಗೂ ಇಲ್ಲದಿದ್ದರೂ ಬರಬಹುದು. ಮೊದಲು ಕಿವಿಯೊಳಗೆ ಪುಟ್ಟ ತುದಿಯಿಟ್ಟು ಒಎಇ ಪರೀಕ್ಷೆ ಮಾಡುತ್ತಾರೆ. ಒಳಕಿವಿ ಸರಿಯಾಗಿದ್ದರೆ ಸದ್ದಿಗೆ ಅದು ಹಿಂದಿರುಗಿಸುವ ಸಣ್ಣ ಪ್ರತಿಧ್ವನಿಯನ್ನು ಯಂತ್ರ ಹಿಡಿಯುತ್ತದೆ. ಇವನ ಎರಡೂ ಕಿವಿಯಲ್ಲಿ ಅದು ಬರಲಿಲ್ಲ. ಮುಂದಿನದು ಬೆರಾ. ಮಗುವನ್ನು ಮಲಗಿಸಿ, ಹಣೆಗೂ ಕಿವಿಯ ಹಿಂದೆಯೂ ತಂತಿ ಅಂಟಿಸಿ, ಸದ್ದು ಮಿದುಳಿನವರೆಗೆ ತಲುಪುತ್ತಿದೆಯೇ ಎಂದು ಅಳೆಯುತ್ತಾರೆ. ನೋವಿಲ್ಲ, ಮಗು ಉತ್ತರ ಹೇಳಬೇಕಾಗಿಯೂ ಇಲ್ಲ. ಇವನಿಗೆ 60 ಡೆಸಿಬಲ್‌ಗಿಂತ ಮೆಲ್ಲನೆಯ ಸದ್ದು ತಲುಪುತ್ತಿರಲಿಲ್ಲ. ಅಂದರೆ ಮನೆಯ ಮಾಮೂಲಿ ಮಾತುಕತೆ ಅವನ ಪಾಲಿಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಎರಡೂ ಕಿವಿಗೆ ಶ್ರವಣಸಾಧನ, ವಾರವಾರ ವಾಕ್ ತರಬೇತಿ, ಮನೆಯಲ್ಲಿ ಅಮ್ಮ ದಿನವಿಡೀ ಮುಖ ಕೊಟ್ಟು ಮಾತಾಡುವುದು, ಇವು ಅವನ ಚಿಕಿತ್ಸೆ. ಸಾಧನದಿಂದಲೂ ಕೇಳದಷ್ಟು ಕಿವುಡಿದ್ದರೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಇದೆ, ಅದು ಬೇಗ ಆದಷ್ಟೂ ಫಲ ಹೆಚ್ಚು. ಹುಟ್ಟಿದಾಗಲೇ ಪರೀಕ್ಷಿಸಿದ್ದರೆ ಆರು ತಿಂಗಳಿಗೇ ಇವನ ಕಿವಿಗೆ ಮಾತು ತಲುಪಿಸಬಹುದಿತ್ತು. ಹುಟ್ಟಿದಾಗ ಪಾಸಾದ ಮಗುವಿಗೂ ಆಮೇಲೆ ಕಿವಿ ಹೋಗಬಹುದು. ಮಿದುಳುಜ್ವರದ ನಂತರ ಹೀಗಾಗುವುದುಂಟು.

ಕಿವಿ ಚೆನ್ನಾಗಿದ್ದು, ಹೇಳಿದ್ದೆಲ್ಲ ಅರ್ಥವಾಗಿ, ಬೆರಳು ತೋರಿಸಿ ನಮ್ಮ ಮುಖ ನೋಡುವ ಮಗುವಾದರೆ ವೈದ್ಯರು ಸ್ವಲ್ಪ ನಿರಾಳವಾಗುತ್ತಾರೆ. ಇಂಥವರಲ್ಲಿ ಹಲವರು ಮೂರು ವರ್ಷದೊಳಗೆ ಸಮಕ್ಕೆ ಬರುತ್ತಾರೆ. ಆದರೂ ಎರಡು-ಮೂರು ತಿಂಗಳಿಗೆ ಮತ್ತೆ ನೋಡಬೇಕು. ಕಿವಿ ಸರಿಯಿದ್ದೂ ಹೆಸರಿಗೆ ತಿರುಗದೆ, ಬೆರಳು ತೋರಿಸದೆ, ತನ್ನಷ್ಟಕ್ಕೆ ತಾನು ಚಕ್ರ ತಿರುಗಿಸುತ್ತ ಕೂರುವ ಮಗುವಿಗೆ ಆಟಿಸಂ ತಪಾಸಣೆ ಬೇಕು. ಅಲ್ಲಿಯೂ ಎರಡನೇ ವರ್ಷದಲ್ಲಿ ಶುರುವಾದ ತರಬೇತಿ ನಾಲ್ಕಕ್ಕೆ ಶುರುವಾದದ್ದಕ್ಕಿಂತ ಹೆಚ್ಚು ಕೊಡುತ್ತದೆ.

ಈ ನಡುವೆ ಕಾಲ ಕಳೆಯುವ ದಾರಿಗಳು ಹಲವು. ಬಜೆ ತೇಯ್ದು ನಾಲಿಗೆಗೆ ಹಚ್ಚುವುದರಿಂದ ಮಾತು ಬರುವುದಿಲ್ಲ. ನಾಲಿಗೆಯ ಅಡಿಯ ನವಿರು ಅಂಟಿದ್ದರೆ ಕೆಲವು ಅಕ್ಷರ ತೊದಲಬಹುದೇ ಹೊರತು ಮಾತೇ ಬಾರದೆ ಹೋಗದು. ಮನೆಯಲ್ಲಿ ತುಳು ಅಥವಾ ಉರ್ದು, ಹೊರಗೆ ಕನ್ನಡ ಎಂಬ ಕಾರಣಕ್ಕೂ ಮಾತು ನಿಲ್ಲುವುದಿಲ್ಲ. ಎರಡು ಭಾಷೆಯ ಪದಗಳನ್ನೂ ಒಟ್ಟಿಗೆ ಎಣಿಸಿದರೆ ಲೆಕ್ಕ ಸರಿಹೋಗುತ್ತದೆ.

ಎಲ್ಲಿಗೆ ಹೋಗುವುದು? ಮೊದಲು ನಿಮ್ಮ ಮಕ್ಕಳ ವೈದ್ಯರ ಬಳಿಗೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಅದರಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಪತ್ತೆ ಕೇಂದ್ರಗಳಿವೆ, ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿದರೆ ದಾರಿ ಹೇಳುತ್ತಾರೆ. ಕಿವಿ ಮತ್ತು ಮಾತಿಗಾಗಿ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶದ ಮುಂಚೂಣಿ ಸಂಸ್ಥೆಗಳಲ್ಲೊಂದು. ಹೋಗುವಾಗ ತಾಯಿ ಕಾರ್ಡ್, ಹುಟ್ಟಿದಾಗಿನ ಆಸ್ಪತ್ರೆ ಚೀಟಿ ಜೊತೆಗಿರಲಿ. ಮಗು ಮನೆಯಲ್ಲಿ ಆಡುವಾಗ ಎರಡು ನಿಮಿಷದ ವಿಡಿಯೊ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ಆಸ್ಪತ್ರೆಯ ಕೋಣೆಯಲ್ಲಿ ಅಳುತ್ತ ಅಮ್ಮನ ಸೆರಗು ಬಿಡದ ಮಗುವಿಗಿಂತ ಆ ವಿಡಿಯೊದಲ್ಲಿನ ಮಗು ವೈದ್ಯರಿಗೆ ಹೆಚ್ಚು ತಿಳಿಸುತ್ತದೆ.