ಬ್ಯಾಂಕ್ ಸೇವೆ ನಿಲ್ಲುವ ರಾತ್ರಿಯ ಸೂಚನೆ

ಬ್ಯಾಂಕುಗಳು ತಮ್ಮ ಮುಖ್ಯ ಗಣಕ ವ್ಯವಸ್ಥೆಯ ದುರಸ್ತಿಯನ್ನು ಸಾಮಾನ್ಯವಾಗಿ ವಹಿವಾಟು ಕಡಿಮೆಯಿರುವ ನಡುರಾತ್ರಿಯಲ್ಲಿ ಇಟ್ಟುಕೊಳ್ಳುತ್ತವೆ. ಆ ಹೊತ್ತಿನಲ್ಲಿ ಯುಪಿಐ ನಡೆಯುವುದಿಲ್ಲವೆಂದು ಗ್ರಾಹಕರಿಗೆ ಮೊದಲೇ ಸಂದೇಶ ಹೋಗುತ್ತದೆ.

ಇಂಥ ಸಂದೇಶ ಎಡವುವುದು ಹೆಚ್ಚಾಗಿ ವೇಳೆಯ ವಿಷಯದಲ್ಲೇ. ‘ಶನಿವಾರ ರಾತ್ರಿ 12ರಿಂದ’ ಎಂದರೆ ಶುಕ್ರವಾರ ಮುಗಿಯುವ ನಡುರಾತ್ರಿಯೋ, ಶನಿವಾರ ಮುಗಿಯುವುದೋ? ‘ಶನಿವಾರ ಕಳೆದು ಭಾನುವಾರ ನಸುಕಿನ 12:30ರಿಂದ 3:30ರವರೆಗೆ’ ಎಂದು ತಾರೀಖಿನೊಡನೆ ಬರೆದರೆ ಗೊಂದಲವಿಲ್ಲ. ಕೆಲಸ ಎರಡು ಗಂಟೆಯದಾದರೂ ಮೂರು ಗಂಟೆ ಹೇಳುವುದು ಜಾಣತನ. ಬೇಗ ಮುಗಿದರೆ ಯಾರೂ ದೂರುವುದಿಲ್ಲ.

ಪರ್ಯಾಯವನ್ನೂ ಹೇಳಬೇಕು, ಅದು ಆ ಹೊತ್ತಿನಲ್ಲಿ ನಿಜಕ್ಕೂ ನಡೆಯುವಂಥದ್ದಾಗಿರಬೇಕು. ಅದೇ ಖಾತೆಯನ್ನು ಬೇರೊಂದು ಯುಪಿಐ ಆ್ಯಪ್‌ಗೆ ಜೋಡಿಸಿದರೆ ಉಪಯೋಗವಿಲ್ಲ, ಏಕೆಂದರೆ ಹಣ ಕಡಿತವಾಗಬೇಕಾದದ್ದು ನಿಂತಿರುವ ಬ್ಯಾಂಕಿನಿಂದಲೇ. ಯುಪಿಐ ಲೈಟ್ ಹಾಗಲ್ಲ. ಅದರಲ್ಲಿ ಮೊದಲೇ ತುಂಬಿಸಿಟ್ಟ ಮೊತ್ತದಿಂದ ಸಣ್ಣ ಪಾವತಿ ಹೋಗುತ್ತದೆ; ಪ್ರತಿ ಸಲವೂ ಮುಖ್ಯ ವ್ಯವಸ್ಥೆಯನ್ನು ತಟ್ಟಬೇಕಿಲ್ಲ. ಆದರೆ ತುಂಬಿಸಲು ಬ್ಯಾಂಕ್ ಎಚ್ಚರವಿರಬೇಕು. ಆದ್ದರಿಂದ ‘ಲೈಟ್ ಬಳಸಿ’ ಎಂಬಷ್ಟೇ ಸಾಲದು, ‘ಶನಿವಾರ ರಾತ್ರಿ 12ರೊಳಗೆ ಹಣ ತುಂಬಿಸಿಕೊಳ್ಳಿ’ ಎಂದಿರಬೇಕು. ಹಣ ಪಡೆಯುವ ಅಂಗಡಿಯ ಖಾತೆಯೂ ಅದೇ ಬ್ಯಾಂಕಿನಲ್ಲಿದ್ದರೆ ಈ ಉಪಾಯವೂ ಕೈಕೊಡಬಹುದು. ಆಗ ನಗದೇ ಗತಿ.

ದುರಸ್ತಿ ಶುರುವಾಗುವ ಕ್ಷಣದಲ್ಲಿ ಕಳಿಸಿದ ಹಣ ‘ಬಾಕಿ’ ಎಂದು ನಡುವೆ ಸಿಲುಕುವುದುಂಟು. ಮತ್ತೆ ಕಳಿಸಿದರೆ ಎರಡು ಸಲ ಪಾವತಿಯಾದೀತು. ಹಾಗಾಗಿ ಸ್ಥಿತಿ ತಿಳಿಯುವವರೆಗೆ ಕಾಯಬೇಕೆಂಬ ಒಂದು ಸಾಲು ಸೂಚನೆಯಲ್ಲೇ ಇರಬೇಕು.