ಜ್ಞಾನೋಕ್ತಿ ಮುಚ್ಚಳಿಕೆ ಪತ್ರವಲ್ಲ



ಕ್ರಿಸ್ತಜಯಂತಿಯ ಬೆನ್ನಲ್ಲೇ ಪವಿತ್ರ ಕುಟುಂಬದ ಹಬ್ಬ ಬರುತ್ತದೆ. ಒಂದು ವರ್ಷ ಆ ಹಬ್ಬದ ಬಲಿಪೂಜೆಯಲ್ಲಿ ನಾವು ಜ್ಞಾನೋಕ್ತಿಗಳ ಗ್ರಂಥದ 22ನೇ ಅಧ್ಯಾಯದ 6ನೇ ವಚನವನ್ನು ಕುರಿತು ಪ್ರಬೋಧನೆ ನೀಡಿದೆವು. ಮಗುವನ್ನು ತಕ್ಕ ದಾರಿಯಲ್ಲಿ ನಡೆಸಿದರೆ ಮುಪ್ಪಿನಲ್ಲೂ ಅದು ಆ ದಾರಿಯನ್ನು ಬಿಡದು ಎಂಬುದು ಅದರ ಸಾರ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂಬ ಗಾದೆಯನ್ನೂ ಸೇರಿಸಿ, ಮನೆಯಲ್ಲಿ ದಿನವೂ ಜಪಸರ ಮಾಡಿಸಿದ ತಂದೆತಾಯಿಯರ ಮಕ್ಕಳು ಎಂದಿಗೂ ದಾರಿ ತಪ್ಪುವುದಿಲ್ಲ ಎಂದು ಹೇಳಿಬಿಟ್ಟೆವು.

ಪೂಜೆಯ ನಂತರ ಒಬ್ಬ ತಾಯಿ ನಮ್ಮ ಬಳಿ ಬಂದರು. "ಸ್ವಾಮಿ, ನಮ್ಮನೇಲಿ ಒಂದು ದಿನಾನೂ ಜಪಸರ ತಪ್ಪಿಸಿಲ್ಲ. ಆದ್ರೂ ಮಗ ಕುಡಿತಕ್ಕೆ ಬಿದ್ದು ಮನೆ ಬಿಟ್ಟು ಹೋಗಿ ನಾಲ್ಕು ವರ್ಷ ಆಯ್ತು. ಹಾಗಾದ್ರೆ ನಾನೇ ಎಲ್ಲೋ ತಪ್ಪು ಮಾಡಿರ್ಬೇಕು, ಅಲ್ವಾ?" ಎಂದರು. ಆ ಕ್ಷಣ ನಮಗೆ ಉತ್ತರ ತೋಚಲಿಲ್ಲ. ತಪ್ಪು ಆ ತಾಯಿಯದಾಗಿರಲಿಲ್ಲ, ನಮ್ಮ ಪ್ರಬೋಧನೆಯದಾಗಿತ್ತು. ಜ್ಞಾನದ ಮಾತೊಂದನ್ನು ನಾವು ದೇವರು ಬರೆದುಕೊಟ್ಟ ಮುಚ್ಚಳಿಕೆ ಪತ್ರವನ್ನಾಗಿ ಮಾಡಿದ್ದೆವು.

ಜ್ಞಾನೋಕ್ತಿ ಎಂದರೇನು? ಹಲವರ ಬಾಳನ್ನು ಬಹುಕಾಲ ನೋಡಿದ ಹಿರಿಯರು, ಸಾಮಾನ್ಯವಾಗಿ ಹೀಗಾಗುತ್ತದೆ ಎಂದು ಕಂಡುಕೊಂಡು ಚುಟುಕಾಗಿ ಹೇಳಿದ ಮಾತು. ಚುಟುಕಾಗಿರುವುದರಿಂದಲೇ ಅದು ಎಲ್ಲವನ್ನೂ ಹೇಳುವುದಿಲ್ಲ. ನಮ್ಮಲ್ಲೂ "ಮಾತು ಬೆಳ್ಳಿ, ಮೌನ ಬಂಗಾರ" ಎನ್ನುತ್ತೇವೆ. "ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ" ಎಂದೂ ಎನ್ನುತ್ತೇವೆ. ಎರಡೂ ನಿಜ, ಆದರೆ ಸಂದರ್ಭ ಬೇರೆ. ಜ್ಞಾನೋಕ್ತಿಗಳು 26ನೇ ಅಧ್ಯಾಯದ 4ನೇ ವಚನ ಮೂಢನ ಮಾತಿಗೆ ಉತ್ತರ ಕೊಡಬೇಡ ಎನ್ನುತ್ತದೆ. ಅದರ ಮಗ್ಗುಲಲ್ಲೇ ಇರುವ 5ನೇ ವಚನ ಉತ್ತರ ಕೊಡು ಎನ್ನುತ್ತದೆ. ಇವೆರಡನ್ನೂ ಜೊತೆಯಲ್ಲಿಟ್ಟವರಿಗೆ ಅದು ತಿಳಿಯದೇ ಇರಲಿಲ್ಲ. ಯಾವಾಗ ಯಾವುದು ಎಂದು ಅರಿಯುವುದೇ ಜ್ಞಾನ.

ಮಕ್ಕಳ ವಿಷಯದಲ್ಲೂ ಹಾಗೆಯೇ. ಈ ಗ್ರಂಥದ ಮೊದಲ ಒಂಬತ್ತು ಅಧ್ಯಾಯಗಳಲ್ಲಿ ತಂದೆ ಮಗನನ್ನು ಮತ್ತೆ ಮತ್ತೆ ಕರೆದು ಕೇಳಿಕೊಳ್ಳುತ್ತಾನೆ. ಮಗ ಕಿವಿಗೊಡದೆ ಹೋಗಬಹುದು ಎಂಬುದಕ್ಕೇ ಅಲ್ಲವೇ ಅಷ್ಟು ಬೇಡಿಕೆ? 17ನೇ ಅಧ್ಯಾಯದ 25ನೇ ವಚನ ಮೂಢ ಮಗ ಹೆತ್ತವರಿಗೆ ದುಃಖ ತರುತ್ತಾನೆ ಎನ್ನುತ್ತದೆಯೇ ಹೊರತು ತಪ್ಪು ಹೆತ್ತವರದೇ ಎನ್ನುವುದಿಲ್ಲ. ಇದನ್ನೂ ಅಂದು ಓದಿ ಹೇಳಿದ್ದರೆ ಆ ತಾಯಿ ಕಣ್ಣೀರಿಡುತ್ತಿರಲಿಲ್ಲ.

ಜ್ಞಾನೋಕ್ತಿಯನ್ನು ಭರವಸೆಯನ್ನಾಗಿ ಮಾಡಿದಾಗ ಆಗುವ ದೊಡ್ಡ ಹಾನಿಯೆಂದರೆ ಅದನ್ನು ತಿರುವಿಹಾಕುವುದು. ಒಳ್ಳೆಯವರು ಬಾಳುತ್ತಾರೆ ಎಂಬುದು, ಬಾಳದವರು ಒಳ್ಳೆಯವರಲ್ಲ ಎಂದಾಗಿಬಿಡುತ್ತದೆ. ಯೋಬನ ಗೆಳೆಯರು ಮಾಡಿದ್ದು ಇದನ್ನೇ. ಕೊನೆಗೆ ದೇವರು ಸಿಟ್ಟಾದದ್ದು ಗೋಳಾಡಿದ ಯೋಬನ ಮೇಲಲ್ಲ, ಬುದ್ಧಿ ಹೇಳಲು ಬಂದ ಆ ಗೆಳೆಯರ ಮೇಲೆ.

ಹಾಗಾದರೆ ಈ ಮಾತುಗಳನ್ನು ಬೋಧಿಸುವುದು ಹೇಗೆ? ಫಲಕ್ಕಿಂತ ಮೊದಲು ಅವು ಹೇಳುವ ಕೆಲಸವನ್ನು ನೋಡಬೇಕು. ಹಬ್ಬದ ವಾಚನಗಳಲ್ಲಿ ಒಂದಾದ ಸಿರಾಖನ ಗ್ರಂಥದ 3ನೇ ಅಧ್ಯಾಯ ತಂದೆಯನ್ನು ಗೌರವಿಸುವವನಿಗೆ ದೀರ್ಘಾಯುಸ್ಸು ಎನ್ನುತ್ತದೆ. ಹೆತ್ತವರನ್ನು ಚೆನ್ನಾಗಿ ನೋಡಿಕೊಂಡವರೂ ಚಿಕ್ಕ ವಯಸ್ಸಿಗೆ ತೀರಿಕೊಂಡದ್ದನ್ನು ನಾವು ಕಂಡಿದ್ದೇವೆ. ಆ ಸಾವಿನ ಮನೆಯಲ್ಲಿ ಈ ಮಾತನ್ನು ಲೆಕ್ಕ ಕೇಳುವಂತೆ ಎತ್ತಬಾರದು. ಆದರೆ ಅದೇ ಅಧ್ಯಾಯ ತಂದೆಗೆ ಬುದ್ಧಿ ಮಂಕಾದರೂ ತಾಳ್ಮೆಯಿಂದಿರು, ಹೀಗಳೆಯಬೇಡ ಎಂದೂ ಹೇಳುತ್ತದೆ. ಕೇಳಿದ್ದನ್ನೇ ಹತ್ತು ಸಲ ಕೇಳುವ ಅಜ್ಜನಿಗೆ ಹನ್ನೊಂದನೆಯ ಸಲವೂ ರೇಗದೆ ಉತ್ತರಿಸುವುದು ಇಂದು ಸಂಜೆಯೇ ಮಾಡಬಹುದಾದ ಕೆಲಸ. ಅದಕ್ಕೆ ಆಯುಸ್ಸಿನ ಲೆಕ್ಕ ಬೇಕಿಲ್ಲ. ಹಾಗೆಯೇ ಮಕ್ಕಳಿಗೆ ಪ್ರಾರ್ಥನೆ ಕಲಿಸುವುದು, ಅವರ ಮುಂದೆ ಸುಳ್ಳಾಡದಿರುವುದು ನಮ್ಮ ಕೈಯಲ್ಲಿದೆ. ಬೆಳೆದ ಮಗನ ಆಯ್ಕೆ ನಮ್ಮ ಕೈಯಲ್ಲಿಲ್ಲ.

ಮರುವಾರ ನಾವು ಆ ತಾಯಿಯ ಮನೆಗೆ ಹೋದೆವು. "ಅಮ್ಮಾ, ಅಂದು ನಾವು ಹೇಳಿದ್ದು ಹೆಚ್ಚಾಯಿತು" ಎಂದು ಒಪ್ಪಿಕೊಂಡೆವು. ಲೂಕನ ಶುಭಸಂದೇಶದ 2ನೇ ಅಧ್ಯಾಯವನ್ನು ಜೊತೆಯಲ್ಲಿ ಓದಿದೆವು. ಮರಿಯ ಮತ್ತು ಜೋಸೆಫರೂ ಮಗನನ್ನು ಕಾಣದೆ ಕಳವಳದಿಂದ ಹುಡುಕಿದವರೇ; ಮೂರನೆಯ ದಿನ ಅವನು ದೇವಾಲಯದಲ್ಲಿ ಸಿಕ್ಕಿದ. "ಅವರಿಗೆ ಮೂರು ದಿನ, ನನಗೆ ನಾಲ್ಕು ವರ್ಷ" ಎಂದರು ಆ ತಾಯಿ. ಅವರ ಮಗ ಬಂದೇ ಬರುತ್ತಾನೆ ಎಂದು ನಾವು ಹೇಳಲಿಲ್ಲ. ಅಂದಿನ ಜಪಸರವನ್ನು ಅವರೊಡನೆ ಕುಳಿತು ಮುಗಿಸಿ ಬಂದೆವು.