ಏರ್ ಪ್ಲಾಂಟ್‌ನ ಸುಳಿ ಕೊಳೆಯುವುದೇಕೆ?

ನರ್ಸರಿಗಳಲ್ಲಿ ಏರ್ ಪ್ಲಾಂಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಗಿಡಗಳು ಟಿಲ್ಯಾಂಡ್ಸಿಯಾ ಕುಲದವು. ಅನಾನಸ್ ಸೇರಿರುವ ಬ್ರೊಮೀಲಿಯಾಡ್ ಕುಟುಂಬವೇ ಇವುಗಳದೂ. ಅಮೆರಿಕದ ದಕ್ಷಿಣ ಭಾಗದಿಂದ ಮೆಕ್ಸಿಕೊ, ಮಧ್ಯ ಅಮೆರಿಕಗಳನ್ನು ದಾಟಿ ಅರ್ಜೆಂಟೀನಾವರೆಗೆ ಇವುಗಳ ತವರು ಹರಡಿದೆ. ಅಲ್ಲಿ ಮರದ ಕೊಂಬೆಗಳ ಮೇಲೆ, ಬಂಡೆಗಳ ಮೇಲೆ ಅಂಟಿಕೊಂಡು ಬೆಳೆಯುತ್ತವೆ. ಬಂದಳಿಕೆಯಂತೆ ಮರದ ರಸ ಹೀರುವ ಗಿಡಗಳಲ್ಲ ಇವು; ಮಲೆನಾಡಿನ ಸೀತಾಳೆ ದಂಡೆಯಂತೆ ಮರವನ್ನು ಆಸರೆಯಾಗಿ ಮಾತ್ರ ಬಳಸಿಕೊಳ್ಳುತ್ತವೆ. ಬೇರಿನ ಕೆಲಸ ಹಿಡಿದುಕೊಳ್ಳುವುದಷ್ಟೇ. ಆದ್ದರಿಂದಲೇ ಮಣ್ಣು, ಕುಂಡ ಯಾವುದೂ ಇಲ್ಲದೆ ಇವನ್ನು ಮನೆಯ ಶೆಲ್ಫಿನ ಮೇಲೆ ಇಡಲು ಸಾಧ್ಯ.

ಬೇರು ನೀರು ಕುಡಿಯದಿದ್ದರೆ ಆ ಕೆಲಸ ಎಲೆಯದು. ಎಲೆಯ ಮೈಮೇಲೆ ಬೂದಿ ಬಳಿದಂತೆ ಕಾಣುವ ಬಿಳಿಚು ಪದರವೊಂದಿರುತ್ತದೆ. ಅದು ಧೂಳಲ್ಲ, ಟ್ರೈಕೋಮ್ ಎನ್ನುವ ಅತಿ ಸಣ್ಣ ಹುರುಪೆಗಳು. ಇವುಗಳ ಮೇಲ್ಭಾಗದ ಜೀವಕೋಶಗಳು ಸತ್ತವು, ಟೊಳ್ಳು. ನೀರು ಬಿದ್ದೊಡನೆ ಅವು ತುಂಬಿಕೊಂಡು ಎಲೆಗೆ ಚಪ್ಪಟೆಯಾಗಿ ಅಂಟುತ್ತವೆ. ಕೆಳಗಿರುವ ಜೀವಂತ ಕೋಶಗಳ ಮೂಲಕ ನೀರು ಎಲೆಯೊಳಕ್ಕೆ ಇಳಿಯುತ್ತದೆ. ಒಣಗಿದಾಗ ಹುರುಪೆಗಳ ಅಂಚು ಮತ್ತೆ ಮೇಲೇಳುತ್ತದೆ, ಒಳಗೆ ಸೇರಿದ ನೀರು ಅದೇ ದಾರಿಯಲ್ಲಿ ಸುಲಭವಾಗಿ ಹೊರಬರುವುದಿಲ್ಲ. ಒದ್ದೆಯಾದ ಎಲೆ ಕಡುಹಸಿರಾಗಿಯೂ ಒಣಗಿದ ಎಲೆ ಬೆಳ್ಳಿಬೂದಿಯಾಗಿಯೂ ಕಾಣುವುದಕ್ಕೆ ಈ ಹುರುಪೆಗಳೇ ಕಾರಣ. ಗಿಡ ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಈ ಬಣ್ಣವೇ ಮೊದಲ ಗುರುತು.

ಆಗೊಮ್ಮೆ ಈಗೊಮ್ಮೆ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿದರೆ ಹೆಚ್ಚಿನ ಜಾತಿಗಳಿಗೆ ಸಾಲುವುದಿಲ್ಲ. ಹುರುಪೆ ನೆನೆಯುವಷ್ಟರಲ್ಲಿ ಹನಿ ಆರಿಹೋಗಿರುತ್ತದೆ. ವಾರಕ್ಕೊಮ್ಮೆ 20ರಿಂದ 30 ನಿಮಿಷ ಗಿಡವನ್ನು ನೀರಿನಲ್ಲಿ ನೆನೆಹಾಕುವುದೇ ನಂಬಬಹುದಾದ ಕ್ರಮ. ಬಿರುಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ಬೇಕಾಗಬಹುದು, ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಸಾಕಾಗಬಹುದು. ಮಳೆನೀರು ಎಲ್ಲಕ್ಕಿಂತ ಒಳ್ಳೆಯದು. ಗಡಸಾದ ಬೋರ್‌ವೆಲ್ ನೀರಿನ ಸುಣ್ಣದಂಶ ಹುರುಪೆಗಳ ಮೇಲೆ ಕೂತು ಅವನ್ನು ಮುಚ್ಚುತ್ತದೆ. ತಾಮ್ರ ಈ ಕುಟುಂಬದ ಗಿಡಗಳಿಗೆ ವಿಷ. ನೆನೆಹಾಕಲು ತಾಮ್ರದ ಪಾತ್ರೆ, ಕಟ್ಟಲು ತಾಮ್ರದ ತಂತಿ ಬಳಸಬಾರದು.

ಇಲ್ಲಿಯವರೆಗಿನದು ಅರ್ಧ ಕೆಲಸ. ಉಳಿದರ್ಧ ಒಣಗಿಸುವುದು, ಬಹುಪಾಲು ಗಿಡಗಳು ಸಾಯುವುದು ಇಲ್ಲಿ ಎಡವಿದ್ದರಿಂದ. ತವರಿನಲ್ಲಿ ಎಂಥ ಮಳೆ ಸುರಿದರೂ ಕೊಂಬೆಯ ಮೇಲಿನ ಗಾಳಿ ಗಿಡವನ್ನು ಬೇಗ ಒಣಗಿಸುತ್ತದೆ. ಅನೇಕ ಗಿಡಗಳು ಓರೆಯಾಗಿಯೋ ತಲೆಕೆಳಗಾಗಿಯೋ ಜೋತಿರುವುದರಿಂದ ನೀರು ತಾನಾಗಿ ಹರಿದುಹೋಗುತ್ತದೆ. ಶೆಲ್ಫಿನ ಮೂಲೆಯಲ್ಲಿ ಗಾಳಿ ಆಡುವುದಿಲ್ಲ. ಸುಳಿ ಮೇಲಾಗಿ ನೆಟ್ಟಗೆ ಕೂರಿಸಿದ ಗಿಡದಲ್ಲಿ ನೀರು ಕೆಳಗಿಳಿದು ಎಲೆಬುಡಗಳ ನಡುವೆ ನಿಲ್ಲುತ್ತದೆ.

ಈ ಎಲೆಬುಡಗಳ ನಡುವೆಯೇ, ಗಿಡದ ನಟ್ಟನಡುವೆ, ಹೊಸ ಎಲೆ ಹುಟ್ಟುವ ಸುಳಿ ಇದೆ. ಅಲ್ಲಿನ ಅಂಗಾಂಶ ಎಳೆಯದು, ಮೆತ್ತನೆಯದು. ಒಂದರ ಮೇಲೊಂದು ಹೊದ್ದುಕೊಂಡ ಎಲೆಗಳ ಸಂದಿನಲ್ಲಿ ನೀರು ನಿಂತಾಗ ಗಾಳಿ ಒಳಹೋಗುವುದಿಲ್ಲ, ಆಮ್ಲಜನಕ ಸಿಗದೆ ಜೀವಕೋಶಗಳು ಸೊರಗುತ್ತವೆ, ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು ಆ ಭಾಗವನ್ನು ಹಿಡಿದುಕೊಳ್ಳುತ್ತವೆ. ತೆಂಗು, ಅಡಿಕೆ ಬೆಳೆಯುವವರಿಗೆ ಸುಳಿ ಕೊಳೆಯ ಪರಿಚಯವಿದೆ: ಸುಳಿ ಹೋದರೆ ಮರ ಉಳಿಯುವುದಿಲ್ಲ, ಏಕೆಂದರೆ ಬೆಳೆಯುವ ತುದಿ ಅದೊಂದೇ. ಏರ್ ಪ್ಲಾಂಟ್‌ನ ಪ್ರತಿಯೊಂದು ಎಲೆಗುಚ್ಛಕ್ಕೂ ಇದೇ ಮಾತು ಅನ್ವಯಿಸುತ್ತದೆ.

ನೀರುಣಿಸುವ ಹೊತ್ತಿಗೂ ಮಹತ್ವವಿದೆ. ಹೆಚ್ಚಿನ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡ್ ಪಡೆಯುತ್ತವೆ. ಏರ್ ಪ್ಲಾಂಟ್‌ಗಳಲ್ಲಿ ಬಹಳಷ್ಟು ಜಾತಿಗಳು ನೀರು ಆವಿಯಾಗದಂತೆ ಹಗಲು ಅವನ್ನು ಮುಚ್ಚಿಟ್ಟು ರಾತ್ರಿ ತೆರೆಯುತ್ತವೆ. ಸಂಜೆ ನೆನೆಸಿದ ಗಿಡದ ಎಲೆಯ ಮೇಲೆ ರಾತ್ರಿಯಿಡೀ ನೀರಿನ ಪದರ ಉಳಿದರೆ ಅದು ಉಸಿರಾಟಕ್ಕೇ ಅಡ್ಡಿ. ಬೆಳಿಗ್ಗೆ ನೆನೆಸಿದರೆ ಕತ್ತಲಾಗುವಷ್ಟರಲ್ಲಿ ಎಲೆ ಒಣಗಿರುತ್ತದೆ.

ಅಂಗೈಯಗಲದೊಳಗಿನ ಎರಡು ಗಿಡಗಳನ್ನು ತೆಗೆದುಕೊಂಡು ಈ ಕ್ರಮವನ್ನು ನೋಡಬಹುದು. ಒಂದು ಟಿಲ್ಯಾಂಡ್ಸಿಯಾ ಅಯೊನಾಂತ. ಪುಟ್ಟ ಗುಚ್ಛದ, ಹೂಬಿಡುವ ಕಾಲಕ್ಕೆ ಒಳಎಲೆಗಳು ಕೆಂಪೇರುವ ಗಿಡ. ಇನ್ನೊಂದು ಟಿಲ್ಯಾಂಡ್ಸಿಯಾ ಬಲ್ಬೋಸ. ಬುಡ ಈರುಳ್ಳಿ ಗಡ್ಡೆಯ ಆಕಾರದಲ್ಲಿ ಉಬ್ಬಿದ್ದು, ಒಳಗೆ ಟೊಳ್ಳಿರುವಂಥದು. ತವರಿನಲ್ಲಿ ಆ ಟೊಳ್ಳಿನೊಳಗೆ ಇರುವೆಗಳು ಗೂಡು ಮಾಡುತ್ತವೆ. ಬೆಳಿಗ್ಗೆ 7 ಗಂಟೆಗೆ ಅಯೊನಾಂತವನ್ನು ಬೋಗುಣಿಯ ನೀರಿನಲ್ಲಿ ಪೂರ್ತಿ ಮುಳುಗಿಸಬಹುದು. ಬಲ್ಬೋಸವನ್ನು ಹಾಗೆ ಮುಳುಗಿಸಿದರೆ ಟೊಳ್ಳಿಗೆ ನೀರು ತುಂಬುತ್ತದೆ. ಅದನ್ನು ತಲೆಕೆಳಗಾಗಿ ಹಿಡಿದು ಎಲೆಗಳನ್ನಷ್ಟೇ ಕೆಲವು ಸಲ ಅದ್ದಿ ತೆಗೆಯುವುದು ಸುರಕ್ಷಿತ. ಏಳೂವರೆಗೆ ಅಯೊನಾಂತವನ್ನು ಹೊರತೆಗೆದು, ಬುಡ ಹಿಡಿದು ಬೋರಲು ಮಾಡಿ ಹನಿ ಬೀಳುವುದು ನಿಲ್ಲುವವರೆಗೆ ಮೆಲ್ಲಗೆ ಕೊಡವಬೇಕು. ಬಳಿಕ ಎರಡನ್ನೂ ಬೋರಲಾಗಿಯೋ ಮಗ್ಗುಲಾಗಿಯೋ ಬಟ್ಟೆಯ ಅಥವಾ ಜಾಲರಿಯ ಮೇಲೆ, ಫ್ಯಾನಿನ ಗಾಳಿ ತಾಗುವಲ್ಲಿ ಇಡಬೇಕು. ಬಿಸಿಲು ನೇರವಾಗಿ ಬೀಳಬಾರದು.

ಹನ್ನೊಂದೂವರೆಗೆ, ಅಂದರೆ ನಾಲ್ಕು ಗಂಟೆಗಳೊಳಗೆ, ಗಿಡ ಒಣಗಿರಬೇಕು. ಆಗ ಹೊರ ಎಲೆ ಬೆಳ್ಳಿಬೂದಿಗೆ ತಿರುಗಿದ್ದರೂ ಸಂದಿನಲ್ಲಿ ನೀರಿರಬಹುದು. ಮತ್ತೆ ಬೋರಲು ಮಾಡಿ ಕೊಡವಿದಾಗ ಒಂದು ಹನಿ ಬಿದ್ದರೂ ಅದು ಶೆಲ್ಫಿಗೆ ಹೋಗಲು ಸಿದ್ಧವಾಗಿಲ್ಲವೆಂದೇ ಅರ್ಥ. ಮಳೆಗಾಲದಲ್ಲಿ ಈ ಅವಧಿ ಹೆಚ್ಚಾಗುತ್ತದೆ. ಆಗ ಫ್ಯಾನ್ ಅನಿವಾರ್ಯ. ಒದ್ದೆ ಗಿಡವನ್ನು ಗಾಜಿನ ಗೋಳ, ಶಂಖದ ಬಾಯಿ ಅಥವಾ ಹಸಿ ಪಾಚಿಯ ಮೇಲೆ ಇಡುವುದೆಂದರೆ ಕೊಳೆಗೆ ಜಾಗ ಮಾಡಿಕೊಟ್ಟಂತೆ.

ಕೊಳೆ ಮೊದಲು ಒಳಗೆ ಶುರುವಾಗುವುದರಿಂದ ಹೊರಗೆ ಕಾಣುವುದು ತಡ. ಬುಡ ಕಂದು ಅಥವಾ ಕಪ್ಪಾಗಿ ಮೆತ್ತಗಾಗುವುದು, ನಡುವಿನ ಎಲೆಗಳು ಮಂಕಾಗುವುದು, ಮುಟ್ಟಿದರೆ ಸುಳಿ ಸಲೀಸಾಗಿ ಕಿತ್ತು ಕೈಗೆ ಬರುವುದು, ಕೆಟ್ಟ ವಾಸನೆ ಬರುವುದು ಇದರ ಗುರುತುಗಳು. ಬಾಯಾರಿಕೆಯ ಗುರುತು ಬೇರೆ: ಎಲೆ ಒಳಮುಖವಾಗಿ ಸುರುಳಿಗೊಳ್ಳುತ್ತದೆ, ತುದಿ ಒಣಗಿ ಕಂದಾಗುತ್ತದೆ, ಬುಡ ಗಟ್ಟಿಯಾಗಿಯೇ ಇರುತ್ತದೆ. ತಳದ ಒಂದೆರಡು ಹಳೆಯ ಎಲೆ ಒಣಗುವುದು ಸಹಜ. ಈ ವ್ಯತ್ಯಾಸ ತಿಳಿಯದೆ ಕೊಳೆಯುತ್ತಿರುವ ಗಿಡವನ್ನು ಬಾಡಿದೆಯೆಂದು ಮತ್ತೆ ನೆನೆಸಿದರೆ ಅದು ಬೇಗ ಸಾಯುತ್ತದೆ.

ಸುಳಿ ಕಿತ್ತುಬಂದ ಗುಚ್ಛ ಮತ್ತೆ ಅಲ್ಲಿಂದ ಬೆಳೆಯದು. ಕೊಳೆತ ಎಲೆಗಳನ್ನು ತೆಗೆದುಹಾಕಿ, ಉಳಿದ ಭಾಗವನ್ನು ಗಾಳಿಗೆ ಚೆನ್ನಾಗಿ ಒಣಗಿಸಿಟ್ಟರೆ, ಬುಡ ಗಟ್ಟಿಯಿದ್ದಲ್ಲಿ ಪಕ್ಕದಿಂದ ಮರಿ ಒಡೆಯುವ ಸಾಧ್ಯತೆ ಇದೆ. ಬುಡವೇ ಮೆತ್ತಗಾಗಿದ್ದರೆ ಉಳಿಸಲು ಏನೂ ಉಳಿದಿರುವುದಿಲ್ಲ. ಒಂದು ಹೊತ್ತಿನ ನೀರು ತಪ್ಪಿದರೆ ಏರ್ ಪ್ಲಾಂಟ್ ತಡೆದುಕೊಳ್ಳುತ್ತದೆ, ಸುಳಿಯಲ್ಲಿ ನಿಂತ ನೀರನ್ನು ತಡೆದುಕೊಳ್ಳುವುದಿಲ್ಲ. ಆದ್ದರಿಂದ ದಿನವಿಡೀ ಗಿಡವನ್ನು ಒಣಗಿಸಲು ಬಿಡುವಿಲ್ಲದ ದಿನ ಅದನ್ನು ನೆನೆಹಾಕದಿರುವುದೇ ಲೇಸು.